ಗೋಡೆಗಿಳಿದ ಸೂರ್ಯಬಿಂಬ

ಹೊಂಗೆಯ ಮರದ ನೆರಳಿನಲ್ಲಿ ನಿಂತವರು ನೆಲದ ಮೇಲೆ ಚೆಲ್ಲಿದ ಬಿಸಿಲಿನ ಬಿಲ್ಲೆಗಳನ್ನು ಕಾಣದಿರಲಾರರು. ಎಲೆಗಳ ನಡುವಣ ಕಿಂಡಿಗಳಿಗೆ ಇಂಥದೇ ಆಕಾರವೆಂಬ ನಿಯಮವಿಲ್ಲ. ಒಂದು ಮೂರು ಮೂಲೆಯದು, ಇನ್ನೊಂದು ಸೀಳಿನಂಥದು. ಆದರೂ ಕೆಳಗೆ ಬಿದ್ದ ಬಿಲ್ಲೆಗಳೆಲ್ಲ ದುಂಡಗೆ, ಇಲ್ಲವೆ ಮೊಟ್ಟೆಯಂತೆ ಕೋಲುದುಂಡಗೆ ಇರುತ್ತವೆ. ಅವು ಕಿಂಡಿಯ ಆಕಾರಗಳಲ್ಲ, ಸೂರ್ಯನ ಚಿತ್ರಗಳು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ರಾಜಗೋಪುರವು ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದೂ ಸಣ್ಣ ರಂಧ್ರದ ಇದೇ ಗುಣದಿಂದ.

ಈ ಬಿಲ್ಲೆಯನ್ನು ಅಳೆದರೆ ಸೂರ್ಯನನ್ನೇ ಅಳೆದಂತಾಗುತ್ತದೆ. ಸೂರ್ಯನ ಒಂದು ಅಂಚಿನಿಂದ ಹೊರಟ ಕಿರಣವೂ ಎದುರಂಚಿನಿಂದ ಹೊರಟ ಕಿರಣವೂ ರಂಧ್ರದಲ್ಲಿ ಒಂದನ್ನೊಂದು ದಾಟಿ ಈಚೆಗೆ ಹರಡುತ್ತವೆ. ರಂಧ್ರದ ಆಚೆಗೆ ಒಂದು ಮಹಾ ತ್ರಿಕೋನ, ಈಚೆಗೆ ಅದೇ ರೂಪದ ಒಂದು ಪುಟ್ಟ ತ್ರಿಕೋನ. ಈಚೆಯ ಬಿಂಬದ ಅಗಲವು ರಂಧ್ರದಿಂದ ಅದಕ್ಕಿರುವ ದೂರದ ಎಷ್ಟನೆಯ ಒಂದು ಭಾಗವೋ, ಸೂರ್ಯನ ವ್ಯಾಸವೂ ಅವನಿಗಿರುವ ದೂರದ ಅಷ್ಟನೆಯ ಒಂದು ಭಾಗವೇ. ಆ ಸಂಖ್ಯೆ ಸುಮಾರು 107. ಕೇಳಲು ಇಷ್ಟು ಸುಲಭವಾದ ಲೆಕ್ಕದಲ್ಲಿ ಎಡವುವ ಜಾಗ ಮಾತ್ರ ಒಂದಿದೆ.

ಬೆಂಗಳೂರಿನ ದೀಪಾಂಜಲಿ ನಗರದಂಥ ಬಡಾವಣೆಯ ಮನೆಯನ್ನೇ ತೆಗೆದುಕೊಳ್ಳೋಣ. ಹೆಂಚಿನ ಮನೆಯಾಗಿದ್ದರೆ ಸಂದಿನಿಂದ ಬಿಸಿಲುಕೋಲು ತಾನಾಗಿ ಇಳಿಯುತ್ತಿತ್ತು; ತಾರಸಿಯ ಮನೆಯಲ್ಲಿ ಕನ್ನಡಿಯ ಸಹಾಯ ಬೇಕು. ಒಂದು ಕೈಗನ್ನಡಿಗೆ ದಪ್ಪ ಕಪ್ಪು ಕಾಗದವನ್ನು ಅಂಟಿಸಿ, ನಡುವೆ 5 ಮಿಲಿಮೀಟರು ಅಗಲದ ತೂತನ್ನು ಕತ್ತರಿಸಬೇಕು. ತೂತು ಚೌಕವಾದರೂ ಚಿಂತೆಯಿಲ್ಲ. ಬೆಳಗಿನ ಬಿಸಿಲು ಬೀಳುವ ಬಾಗಿಲಿನಾಚೆ ಕುರ್ಚಿಯ ಮೇಲೆ ಕನ್ನಡಿಯನ್ನು ಅಲುಗದಂತೆ ಒರಗಿಸಿ, ಬೆಳಕನ್ನು ನಡುಮನೆಯ ಮೂಲಕ ಹಿಂದಿನ ಗೋಡೆಯವರೆಗೆ ಹಾಯಿಸಬೇಕು. ಕಿಟಕಿಗಳನ್ನು ಮುಚ್ಚಿದರೆ ಗೋಡೆಯ ಮೇಲೆ ದುಂಡನೆಯ ಮಸುಕುಬಿಂಬ ನಿಲ್ಲುತ್ತದೆ. ತೂತಿನ ಮೂಲಕ ಸೂರ್ಯನನ್ನು ಯಾರೂ ನೋಡತಕ್ಕದ್ದಲ್ಲ. ಕನ್ನಡಿಯ ಬೆಳಕು ಮಕ್ಕಳ ಕಣ್ಣಿಗೆ ಹೊಡೆಯದಂತೆಯೂ ನೋಡಿಕೊಳ್ಳಬೇಕು.

ಬಿಂಬ ನಿಂತಲ್ಲಿ ನಿಲ್ಲುವುದಿಲ್ಲ. 10 ಮೀಟರು ದೂರದ ಗೋಡೆಯ ಮೇಲೆ ಅದು ನಿಮಿಷಕ್ಕೆ ಹೆಚ್ಚುಕಡಿಮೆ 4 ಸೆಂಟಿಮೀಟರು ಸರಿಯುತ್ತದೆ. ಆದುದರಿಂದ ಎರಡೂ ಅಂಚುಗಳನ್ನು ಒಬ್ಬರು ಒಂದೇ ಉಸಿರಿಗೆ ಪೆನ್ಸಿಲಿನಿಂದ ಗುರುತಿಸಿ, ಆಮೇಲೆ ನಿಧಾನವಾಗಿ ಅಳೆಯುವುದು ಲೇಸು. ಬಿಂಬ ಕೋಲುದುಂಡಗಾಗಿದ್ದರೆ ಬೆಳಕು ಗೋಡೆಗೆ ಓರೆಯಾಗಿ ಬೀಳುತ್ತಿದೆ ಎಂದರ್ಥ. ಆಗ ಚಿಕ್ಕ ಅಗಲವನ್ನೇ ನಂಬಬೇಕು. ದೂರವನ್ನು ನೆಲದ ಮೇಲಲ್ಲ, ಕನ್ನಡಿಯಿಂದ ಬಿಂಬದವರೆಗೆ ಬೆಳಕು ಹೋದ ದಾರಿಯಲ್ಲಿಯೇ ಟೇಪು ಹಿಡಿದು ಅಳೆಯಬೇಕು.

ಹೀಗೆ ಅಳೆದಾಗ 10 ಮೀಟರು ದೂರದಲ್ಲಿ ಬಿಂಬದ ಅಗಲ 98 ಮಿಲಿಮೀಟರು ಬಂದಿತೆನ್ನೋಣ. ಭಾಗಿಸಿದರೆ 102. ನಡುವೆ 4 ಮೀಟರಿನಲ್ಲಿ ಒಂದು ರಟ್ಟನ್ನು ಹಿಡಿದು ನೋಡಿದರೆ 42 ಮಿಲಿಮೀಟರು, ಭಾಗಿಸಿದರೆ 95. ಸೂರ್ಯನೊಬ್ಬನೇ, ಕನ್ನಡಿಯೊಂದೇ, ಉತ್ತರ ಮಾತ್ರ ಎರಡು! ಟೇಪನ್ನೋ ಕಣ್ಣನ್ನೋ ದೂರುವ ಮೊದಲು ತೂತಿನ ಕಡೆ ನೋಡಬೇಕು. ಸೂರ್ಯನ ಮೇಲಿನ ಒಂದೊಂದು ಚುಕ್ಕೆಯೂ ಗೋಡೆಯ ಮೇಲೆ ಚುಕ್ಕೆಯಾಗಿ ಅಲ್ಲ, ತೂತಿನಷ್ಟೇ ಅಗಲದ ಮಚ್ಚೆಯಾಗಿ ಬೀಳುತ್ತದೆ. ಆ ಮಚ್ಚೆಗಳೆಲ್ಲ ಸೇರಿ ಬಿಂಬವಾಗುವುದರಿಂದ, ನಿಜವಾದ ಅಗಲಕ್ಕೆ ತೂತಿನ ಅಗಲವೂ ಕೂಡಿಕೊಳ್ಳುತ್ತದೆ. ಹತ್ತಿರದ ಸಣ್ಣ ಬಿಂಬದಲ್ಲಿ 5 ಮಿಲಿಮೀಟರು ದೊಡ್ಡ ಪಾಲು. ದೂರದ ದೊಡ್ಡ ಬಿಂಬದಲ್ಲಿ ಸಣ್ಣ ಪಾಲು. ಉತ್ತರಗಳು ಬೇರೆಯಾದುದು ಇದರಿಂದಲೇ.

ಪರಿಹಾರವೂ ಈ ಎರಡು ಅಳತೆಗಳಲ್ಲಿಯೇ ಅಡಗಿದೆ. ಎರಡರಲ್ಲಿಯೂ ತೂತಿನ ಪಾಲು ಒಂದೇ ಆದುದರಿಂದ, ಒಂದರಿಂದ ಇನ್ನೊಂದನ್ನು ಕಳೆದರೆ ಅದು ತಾನಾಗಿ ಅಳಿಸಿಹೋಗುತ್ತದೆ. 98ರಿಂದ 42 ಕಳೆದರೆ 56. ದೂರಗಳ ವ್ಯತ್ಯಾಸ 6 ಮೀಟರು, ಎಂದರೆ 6000 ಮಿಲಿಮೀಟರು. 6000ವನ್ನು 56ರಿಂದ ಭಾಗಿಸಿದರೆ 107. ಬಿಂಬದ ಅಂಚು ಮಸುಕಾದುದರಿಂದ 1 ಮಿಲಿಮೀಟರು ತಪ್ಪುವುದು ಸಹಜ. 56ರ ಬದಲು 57 ಬಂದರೆ ಉತ್ತರ 105, 55 ಬಂದರೆ 109. ಮನೆಯ ಸಾಮಾನಿನಿಂದ ನೂರಕ್ಕೆ ಎರಡರಷ್ಟು ತಪ್ಪಿನೊಳಗೆ ನಿಂತದ್ದು ಅಲ್ಪವೇನಲ್ಲ. ತಪ್ಪನ್ನು ತಗ್ಗಿಸಬೇಕೆಂದು ತೂತನ್ನು ತೀರ ಕಿರಿದು ಮಾಡಿದರೆ ಬಿಂಬ ಕಾಣದಷ್ಟು ಮಂಕಾಗುತ್ತದೆ. ಮೇಲಾಗಿ ಬೆಳಕು ತೂತಿನಂಚಿನಲ್ಲಿ ಬಾಗಿ ಹರಡಿ ಮಸುಕು ಮತ್ತೆ ಹೆಚ್ಚುತ್ತದೆ.

ತೂತಿನ ಈ ಪಾಲು ದೊಡ್ಡ ದೊಡ್ಡವರನ್ನೂ ಕಾಡಿತು. ಸೂರ್ಯಗ್ರಹಣವನ್ನು ಸಣ್ಣ ರಂಧ್ರದ ಮೂಲಕ ಅಳೆದ ಟೈಕೋ ಬ್ರಾಹೆಗೆ ಚಂದ್ರನು ಹುಣ್ಣಿಮೆಯಲ್ಲಿರುವುದಕ್ಕಿಂತ ಗ್ರಹಣಕಾಲದಲ್ಲಿ ಚಿಕ್ಕದಾಗಿ ಕಂಡನು. ಚಂದ್ರ ಕುಗ್ಗಿರಲಿಲ್ಲ. ಹಿಗ್ಗಿದ ಬೆಳಕಿನ ಭಾಗವು ಕತ್ತಲೆಯ ಭಾಗವನ್ನು ಸುತ್ತಲೂ ತಿಂದುಹಾಕಿತ್ತು. ಈ ಗಂಟನ್ನು ಬಿಡಿಸಿದವನು ಕೆಪ್ಲರ್. 1600ನೆಯ ಇಸವಿಯ ಜುಲೈ 10ರ ಗ್ರಹಣವನ್ನು ತಾನೇ ನೋಡಿ ವಿಚಾರ ಮಾಡಿ, 1604ರಲ್ಲಿ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ಕಾರಣವನ್ನು ವಿವರಿಸಿದನು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡುಗಳಲ್ಲಿ ಕಂಕಣಗ್ರಹಣವೂ ಬೆಂಗಳೂರಿನಲ್ಲಿ ಪಾರ್ಶ್ವಗ್ರಹಣವೂ ಆದಾಗ, ರಂಧ್ರ ದೊಡ್ಡದಾದ ಕಡೆಗಳಲ್ಲೆಲ್ಲ ಕುಡುಗೋಲಿನಂಥ ಬಿಂಬದ ಚೂಪು ತುದಿಗಳು ಮೊಂಡಾಗಿ ಮೂಡಿದುದಕ್ಕೂ ಕಾರಣ ಇದೇ.

ಇಷ್ಟಾದರೂ ಕೈಗೆ ಬಂದುದು 107 ಎಂಬ ಅನುಪಾತ ಮಾತ್ರ. ಸೂರ್ಯ ಹತ್ತಿರದ ಸಣ್ಣ ಗೋಳವಾಗಿದ್ದರೂ, ದೂರದ ದೊಡ್ಡ ಗೋಳವಾಗಿದ್ದರೂ ಗೋಡೆಯ ಬಿಂಬ ಒಂದೇ ತೆರನಾಗಿರುತ್ತಿತ್ತು. ಕಿಲೋಮೀಟರುಗಳಲ್ಲಿ ಉತ್ತರ ಬೇಕಾದರೆ ಸೂರ್ಯನ ದೂರವನ್ನು ಬೇರೆ ಕಡೆಯಿಂದ ತರಬೇಕು. ಅದಕ್ಕಾಗಿಯೇ ಖಗೋಳಜ್ಞರು ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗುವ ಅಪರೂಪದ ದಿನಗಳನ್ನು ಕಾದು, ಭೂಮಿಯ ದೂರದೂರದ ಸ್ಥಳಗಳಿಂದ ಆ ದಾರಿಯನ್ನು ಹೋಲಿಸಿ ನೋಡಿದರು. 1874ರ ಡಿಸೆಂಬರ್ 9ರ ಸಂಕ್ರಮಣದ ವಿಷಯವಾಗಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಯವರು ಜನಸಾಮಾನ್ಯರಿಗಾಗಿ ಪುಸ್ತಿಕೆಯನ್ನೇ ಬರೆದರು. 1961ರಲ್ಲಿ ಶುಕ್ರನಿಗೆ ರೇಡಾರ್ ಅಲೆಗಳನ್ನು ಕಳುಹಿಸಿ, ಮರುದನಿ ಹಿಂದಿರುಗುವ ಕಾಲವನ್ನು ಅಳೆದ ಮೇಲೆ ಸಂದೇಹಗಳು ಬಹುಮಟ್ಟಿಗೆ ತೀರಿದವು. ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರು. ಇದನ್ನು 107ರಿಂದ ಭಾಗಿಸಿದರೆ ಸುಮಾರು 14 ಲಕ್ಷ ಕಿಲೋಮೀಟರು ಬರುತ್ತದೆ. ನಿಜವಾದ ವ್ಯಾಸ 13 ಲಕ್ಷ 92 ಸಾವಿರದಷ್ಟು. ತೂತಿನ ಪಾಲನ್ನು ಕಳೆಯದೆ 95ನ್ನೇ ನಂಬಿದವನಿಗೆ 15 ಲಕ್ಷ 75 ಸಾವಿರ ಕಿಲೋಮೀಟರಿನ ಸೂರ್ಯ ಸಿಕ್ಕುತ್ತಿದ್ದನು.

ಇನ್ನೂ ಸೂಕ್ಷ್ಮಕ್ಕೆ ಹೋಗಬೇಕೆನ್ನುವವರು ಗುರುತು ಹಾಕಿದ ಕಾಗದವನ್ನು ತಾರೀಖು ಬರೆದು ಎತ್ತಿಡಬೇಕು. ಭೂಮಿಯ ದಾರಿ ಪೂರ್ಣ ವೃತ್ತವಲ್ಲ. ಜನವರಿಯ ಮೊದಲ ವಾರದಲ್ಲಿ ಸೂರ್ಯ ಅತಿ ಹತ್ತಿರ, ಜುಲೈ ಮೊದಲ ವಾರದಲ್ಲಿ ಅತಿ ದೂರ. ಅದೇ ಕನ್ನಡಿ, ಅದೇ ತೂತು, ಅದೇ 10 ಮೀಟರು ಇದ್ದರೆ ಜನವರಿಯ ಬಿಂಬವು ಜುಲೈಯದಕ್ಕಿಂತ 3 ಮಿಲಿಮೀಟರಿನಷ್ಟು ಅಗಲವಾಗಿರುತ್ತದೆ. ಅಳತೆಯ ತಪ್ಪು 1 ಮಿಲಿಮೀಟರನ್ನು ಮೀರದಿದ್ದರೆ ಈ ವ್ಯತ್ಯಾಸ ಕಂಡೇ ಕಾಣುತ್ತದೆ. ತೊಡಕೆಂದರೆ ಜುಲೈಯಲ್ಲಿ ಬೆಂಗಳೂರಿನ ಮೇಲೆ ಮುಂಗಾರಿನ ಮೋಡ ಕವಿದಿರುತ್ತದೆ. ಮೇ ತಿಂಗಳ ಕೊನೆಯಲ್ಲೋ ಆಗಸ್ಟಿನಲ್ಲೋ ಬಿಸಿಲು ತೆರೆದ ಒಂದು ಬೆಳಗನ್ನು ಹಿಡಿದುಕೊಂಡರೆ ವ್ಯತ್ಯಾಸ ತುಸು ಕಡಮೆಯಾದರೂ ಗೋಡೆಯ ಮೇಲೆ ಗುರುತು ಸಿಕ್ಕುತ್ತದೆ.