ಮಾತು ಅರ್ಧ ಗಂಟೆ, ಕಾಯೋದು ಮೂರು ಗಂಟೆ!

‘ನಿಮಗೇನ್ ಸಾರ್, ದಿನಾ ಹೀರೋಗಳ ಜತೆ ಹರಟೆ!’ ಅಂತ ಅಭಿಮಾನಿಗಳು ಹೊಟ್ಟೆಕಿಚ್ಚು ಪಡುತ್ತಾರೆ. ಬೆಂಗಳೂರಿನಲ್ಲಿ ನನ್ನ ಒಂದು ದಿನದ ಲೆಕ್ಕ ಕೇಳಿ ಸ್ವಾಮಿ!

ಜಯನಗರದ ಮನೆಯಲ್ಲಿ ಸಂಭಾಷಣೆಕಾರರು, ಕಂಠೀರವ ಸ್ಟುಡಿಯೋದಲ್ಲಿ ಹೀರೋ, ಗಾಂಧಿನಗರದ ಆಫೀಸಿನಲ್ಲಿ ನಿರ್ಮಾಪಕರು. ಮೂರು ದಿಕ್ಕು, ಮೂರು ಸಂದರ್ಶನ. ಡೈರಿಯಲ್ಲಿ ಮೊದಲು ಬರೆಯೋದು ಹೀರೋ ಸಮಯ. ಅವರು ಕೂತು ಮಾತಾಡೋದು ಊಟದ ಬ್ರೇಕಿನಲ್ಲಿ ಮಾತ್ರ, ಸುಮಾರು 1 ಗಂಟೆಗೆ. ಉಳಿದಿಬ್ಬರನ್ನು ಅದರ ಹಿಂದೆ ಮುಂದೆ ಹೊಂದಿಸುತ್ತೇನೆ.

ಬೆಳಿಗ್ಗೆ 9.30ಕ್ಕೆ ಜಯನಗರ. 11ಕ್ಕೆ ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡಬೇಕು. ಮಹಾಲಕ್ಷ್ಮಿ ನಿಲ್ದಾಣದವರೆಗೆ ಒಂದೇ ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ತಾಪತ್ರಯ ಇಲ್ಲ. ಅಲ್ಲಿಂದ ಆಟೋ. 12ಕ್ಕೆ ಸ್ಟುಡಿಯೋ. ಒಂದು ಗಂಟೆ ಮುಂಚೆ ಯಾಕೆ ಅಂತೀರಾ? ಬ್ರೇಕ್ 12.30ಕ್ಕೂ ಆಗಬಹುದು, 2ಕ್ಕೂ ಆಗಬಹುದು!

ಸೆಟ್‌ನಲ್ಲಿ ನಾನು ನೋಡೋದು ಹೀರೋನ ಅಲ್ಲ, ಲೈಟ್‌ಬಾಯ್‌ಗಳನ್ನು. ಲೈಟು ಕದಲದೆ ‘ಒನ್ ಮೋರ್’ ಅಂದರೆ ಬ್ರೇಕ್ ಹತ್ತಿರ ಬಂತು. ಸ್ಟ್ಯಾಂಡು ಎತ್ತಿ ಇನ್ನೊಂದು ಮೂಲೆಗೆ ಹೊತ್ತರೋ, ಇನ್ನು ಅರ್ಧ ಗಂಟೆಯಾದರೂ ಕಾಯಲೇಬೇಕು. ಆಗ ಹತ್ತು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಗೆರೆ ಎಳೆಯುತ್ತೇನೆ.

ನಿರ್ಮಾಪಕರಿಗೆ ಹೇಳಿರೋದು 5 ಗಂಟೆ. ದಾರಿಗೆ ಒಂದು ಗಂಟೆ ಇಟ್ಟುಕೊಂಡು 4ಕ್ಕೆ ಹೊರಡಬೇಕು. 3.30 ಆದರೂ ಹೀರೋ ಸಿಗದಿದ್ದರೆ ಆಗಲೇ ಫೋನ್ ಮಾಡಿ 6 ಗಂಟೆ ಕೇಳುತ್ತೇನೆ. 5 ಆದ ಮೇಲೆ ಕೇಳಿದರೆ ಯಾರ್ ಕೊಡ್ತಾರೆ ಗುರೂ?

ನಾಲ್ಕನೆಯ ಸಂದರ್ಶನವೇ? ಅದು ನಾಳೆಗೆ!