ಪಿಲ್ಲರಿಗೆ ಒಂದು ತುಂಡು, ಉಳಿದದ್ದು ಬೀಮಿಗೆ

ಅಂಗಡಿಯಿಂದ ಬರುವ ಕಂಬಿ ಸಾಮಾನ್ಯವಾಗಿ 12 ಮೀಟರ್, ಅಂದರೆ ಸುಮಾರು 40 ಅಡಿ ಉದ್ದ ಇರುತ್ತದೆ. ನಮ್ಮ ಮನೆಯ ಬೀಮಿನ ಅಳತೆಗೂ ಪಿಲ್ಲರಿನ ಅಳತೆಗೂ ಆ 12ಕ್ಕೂ ಯಾವ ನಂಟೂ ಇಲ್ಲ. ಹಾಗಾಗಿ ಕತ್ತರಿಸಿದಾಗಲೆಲ್ಲ ಕೊನೆಯಲ್ಲಿ ಒಂದು ತುಂಡು ಉಳಿಯುತ್ತದೆ. ಹೊಸ ಕಂಬಿಯ ದರಕ್ಕೆ ಕೊಂಡ ಆ ತುಂಡು ಗುಜರಿ ದರಕ್ಕೆ ಹೊರಟುಹೋಗುತ್ತದೆ. ನಮ್ಮಲ್ಲಿ ಹಲವು ಕಡೆ ಕೂಲಿ ಮಾತ್ರ ಕಂಟ್ರಾಕ್ಟರದ್ದು, ಸಾಮಾನು ಮನೆಯವರದ್ದು. ತುಂಡು ಎಷ್ಟು ಉಳಿದರೂ ಕತ್ತರಿಸುವವರ ಜೇಬಿಗೆ ತಟ್ಟುವುದಿಲ್ಲ.

ಒಂದು ಮನೆಯ ಲೆಕ್ಕವನ್ನೇ ಮಾಡಿ ನೋಡೋಣ. 16 ಮಿಲಿಮೀಟರ್ ಕಂಬಿಯಲ್ಲಿ ಮೂರು ಬಗೆಯ ತುಂಡುಗಳು ಬೇಕು ಎಂದಿಟ್ಟುಕೊಳ್ಳಿ. ಪಿಲ್ಲರಿಗೆ 3.8 ಮೀಟರ್: ಮಹಡಿಯ ಎತ್ತರ 3 ಮೀಟರ್, ಮೇಲಿನ ಕಂಬಿಯ ಜೊತೆ ಲ್ಯಾಪಿಂಗಿಗೆ ಕಂಬಿಯ ದಪ್ಪದ 50 ಪಟ್ಟು, ಅಂದರೆ 80 ಸೆಂಟಿಮೀಟರ್. ಬೀಮಿನ ಉದ್ದದ ಕಂಬಿ, ಎರಡೂ ತುದಿಯ ಬಾಗು ಸೇರಿ, 5.2 ಮೀಟರ್. ಬೀಮು ಪಿಲ್ಲರಿನ ಮೇಲೆ ಹಾಯುವ ಜಾಗದಲ್ಲಿ ಮೇಲ್ಭಾಗಕ್ಕೆ ಹಾಕುವ ಎಕ್ಸ್‌ಟ್ರಾ ಕಂಬಿ 2.9 ಮೀಟರ್. ಒಂದೊಂದು ಬಗೆಯಲ್ಲೂ 24 ತುಂಡು ಬೇಕು.

ಸೈಟಿನಲ್ಲಿ ಪಿಲ್ಲರಿನ ಕೆಲಸ ಮೊದಲು. ಬಾರ್ ಬೆಂಡರ್ ಒಂದು ಕಂಬಿಯಲ್ಲಿ 3.8ರ ಮೂರು ತುಂಡು ತೆಗೆಯುತ್ತಾನೆ. 60 ಸೆಂಟಿಮೀಟರ್ ಉಳಿಯುತ್ತದೆ. ನೋಡಿದವರಿಗೆ ಇದು ಉಳಿತಾಯವಾಗಿಯೇ ಕಾಣುತ್ತದೆ. ಎಂಟು ಕಂಬಿಯಲ್ಲಿ ಪಿಲ್ಲರ್ ಮುಗಿಯಿತು. ಆಮೇಲೆ ಬೀಮಿನ ಸರದಿ. 5.2ರ ಎರಡೇ ತುಂಡು ಬರುತ್ತವೆ, ಪ್ರತಿ ಕಂಬಿಯಲ್ಲೂ 1.6 ಮೀಟರ್ ವ್ಯರ್ಥ. ಅದಕ್ಕೆ ಹನ್ನೆರಡು ಕಂಬಿ. 2.9ರ ನಾಲ್ಕು ನಾಲ್ಕು ತೆಗೆದರೆ ಇನ್ನೂ ಆರು. ಒಟ್ಟು 26 ಕಂಬಿ, ಉಳಿದ ತುಂಡುಗಳನ್ನು ಸಾಲಾಗಿ ಇಟ್ಟರೆ 26.4 ಮೀಟರ್. ನೂರಕ್ಕೆ ಎಂಟಕ್ಕಿಂತ ಹೆಚ್ಚು.

ಈಗ ಮೂರನ್ನೂ ಕೂಡಿಸಿ: 5.2, 3.8, 2.9. ಒಟ್ಟು 11.9 ಮೀಟರ್! ಒಂದೇ ಕಂಬಿಯಲ್ಲಿ ಮೂರೂ ಬಂದವು, ಉಳಿದದ್ದು 10 ಸೆಂಟಿಮೀಟರ್. 24 ಕಂಬಿಗೆ ಎಲ್ಲ ಮುಗಿಯುತ್ತದೆ, ಎರಡು ಕಂಬಿ ಉಳಿಯುತ್ತವೆ. 16ರ ಕಂಬಿ ಮೀಟರಿಗೆ 1.58 ಕಿಲೋ ತೂಗುತ್ತದೆ. ಎರಡು ಕಂಬಿ ಎಂದರೆ 38 ಕಿಲೋ.

ಅಂದರೆ ಪಿಲ್ಲರಿನ ಹಂತದಲ್ಲಿ ಒಂದು ಕಂಬಿಯಿಂದ ಒಂದೇ ತುಂಡು ತೆಗೆದು, 8.2 ಮೀಟರನ್ನು ಹಾಗೇ ಬಿಡಬೇಕು. ಬೀಮಿನ ಹೊತ್ತಿಗೆ ಅದರಲ್ಲೇ 5.2 ಮತ್ತು 2.9 ಸಿಗುತ್ತವೆ. ಇದನ್ನು ಒಪ್ಪಿಸುವುದು ಸುಲಭವಲ್ಲ, ಏಕೆಂದರೆ ಆ ದಿನದ ಮಟ್ಟಿಗೆ ಕಂಬಿ ಹಾಳುಮಾಡಿದಂತೆಯೇ ತೋರುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಚಿಕ್ಕ ಲಾರಿಯಲ್ಲಿ ತರಲು ಕಂಬಿಯನ್ನು ನಡುವೆ ಮಡಚಿರುತ್ತಾರಲ್ಲ, ಆ ಮಡಿಕೆ 6 ಮೀಟರಿನ ಆಸುಪಾಸು ಬೀಳುತ್ತದೆ. ತುದಿಯಿಂದ 3.8 ತೆಗೆದರೆ ಪಿಲ್ಲರಿಗೆ ನೆಟ್ಟಗಿನ ಕಂಬಿ ಸಿಗುತ್ತದೆ. ಮೂರು ತುಂಡು ಮಾಡಿದರೆ ನಡುವಿನದು ಸೊಟ್ಟ.

ತೊಂದರೆಯೂ ಇದೆ. ಮೊದಲ ದಿನವೇ ಎಂಟರ ಬದಲು 24 ಕಂಬಿಗೆ ದುಡ್ಡು ಹಾಕಬೇಕು. ವಾರಗಟ್ಟಲೆ ಅವನ್ನು ನೆಲಕ್ಕೆ ತಾಗದಂತೆ ಮರದ ತುಂಡಿನ ಮೇಲಿಟ್ಟು, ಮಳೆಯಿಂದ ಮುಚ್ಚಿ, ಕಳ್ಳರಿಂದ ಕಾಯಬೇಕು. ಅಷ್ಟು ಹಣ ಕೈಯಲ್ಲಿಲ್ಲದವರಿಗೆ 38 ಕಿಲೋ ಬಿಟ್ಟುಕೊಡುವುದೇ ವಾಸಿ ಅನ್ನಿಸಬಹುದು, ಅದು ತಪ್ಪೇನಲ್ಲ.

ಆ 10 ಸೆಂಟಿಮೀಟರ್ ಬಗ್ಗೆ ಎಚ್ಚರ ಬೇಕು. ಕಂಬಿಯನ್ನು ಲಂಬವಾಗಿ ಬಾಗಿಸಿದಾಗ ಮೂಲೆಯಲ್ಲಿ ತುಸು ಉದ್ದ ಸಿಗುತ್ತದೆ. ಅದಕ್ಕಾಗಿ ಒಂದೊಂದು ಬಾಗಿಗೂ ದಪ್ಪದ ಎರಡು ಪಟ್ಟು, ಇಲ್ಲಿ 32 ಮಿಲಿಮೀಟರ್, ಕಳೆದು ಕತ್ತರಿಸುವುದು ರೂಢಿ. ಬೀಮಿನ ಎರಡು ಬಾಗಿಗೆ ಅದನ್ನು ಕಳೆಯದೆ ಕತ್ತರಿಸಿದರೆ ಆರೂವರೆ ಸೆಂಟಿಮೀಟರ್ ಅಲ್ಲೇ ಹೋಯಿತು. ಬಂದ ಕಂಬಿಗಳಲ್ಲಿ ನಾಲ್ಕಾರನ್ನು ಟೇಪಿನಿಂದ ಅಳೆದ ಮೇಲೆಯೇ ಕತ್ತರಿ ಹಾಕುವುದು ಒಳ್ಳೆಯದು.

ಇನ್ನು, ತುಂಡು ಉಳಿದಿದೆ ಎಂದು ಎಲ್ಲೆಂದರಲ್ಲಿ ಲ್ಯಾಪಿಂಗ್ ಕೊಟ್ಟು ಮುಗಿಸುವ ಅಭ್ಯಾಸ ಅಪಾಯದ್ದು. ಬೀಮಿನ ಕೆಳಗಿನ ಕಂಬಿಗೆ ನಟ್ಟನಡುವೆ, ಮೇಲಿನ ಕಂಬಿಗೆ ಪಿಲ್ಲರಿನ ಹತ್ತಿರ ಎಳೆತ ಹೆಚ್ಚು. ಅಲ್ಲಿ ಜೋಡಣೆ ಬೇಡ. ಎಲ್ಲ ಕಂಬಿಯ ಜೋಡಣೆಯೂ ಒಂದೇ ಜಾಗದಲ್ಲಿ ಬರಬಾರದು. ಎಲ್ಲಿ ಕೊಡಬಹುದು ಎಂಬುದನ್ನು ಎಂಜಿನಿಯರೇ ಹೇಳಲಿ.

ಕೆಲಸ ಮುಗಿದ ಮೇಲೆ ತುಂಡುಗಳ ರಾಶಿಯನ್ನು ಒಮ್ಮೆ ತೂಗಿಸಿ. ನಮ್ಮ ಮನೆಯ ಲೆಕ್ಕದಲ್ಲಿ ಕೊಂಡದ್ದು 455 ಕಿಲೋ, ರಾಶಿ ನಾಲ್ಕು ಕಿಲೋ ಮೀರಬಾರದು. ಮೀರಿದ್ದರೆ ಉದ್ದ ನೋಡಿ: 1.6 ಮೀಟರಿನ ತುಂಡುಗಳೇ ಬಿದ್ದಿದ್ದರೆ ಯಾರೋ ಒಂದು ಕಂಬಿಯಲ್ಲಿ ಬೀಮಿನ ಎರಡು ತುಂಡು ತೆಗೆದಿದ್ದಾರೆ. 60 ಸೆಂಟಿಮೀಟರಿನವಾದರೆ ಪಿಲ್ಲರಿಗೆ ಮೂರು.