ನೀಟ್: ಇನ್ನೊಂದು ವರ್ಷವೇ, ಕೈಲಿರುವ ಸೀಟೇ?

ನೀಟ್ ಬರೆದು ಎಂಬಿಬಿಎಸ್‌ಗೆ ಸಾಲದಷ್ಟು ಅಂಕ ಪಡೆದ ಪಿಯು ವಿದ್ಯಾರ್ಥಿಗೆ ಜೂನ್ ತಿಂಗಳಲ್ಲಿ ಎರಡು ದಾರಿ ಕಾಣುತ್ತವೆ. ಒಂದು, ಲಾಂಗ್ ಟರ್ಮ್ ಕೋಚಿಂಗ್ ಸೇರಿ ಮುಂದಿನ ಮೇ ತಿಂಗಳಲ್ಲಿ ಮತ್ತೆ ಬರೆಯುವುದು. ಇನ್ನೊಂದು, ಸಿಇಟಿ ರ‍್ಯಾಂಕಿಗೆ ಸಿಗುವ ಕೃಷಿ, ಪಶುವೈದ್ಯ ಅಥವಾ ಫಾರ್ಮಸಿ ಸೀಟನ್ನು ಹಿಡಿಯುವುದು. ನಿಯಮದ ಅಡ್ಡಿ ಯಾವುದಕ್ಕೂ ಇಲ್ಲ. ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯನ್ನು ಸತತ ಎರಡು ವರ್ಷಗಳಲ್ಲಿ ಎರಡೇ ಸಲ ಬರೆಯಬಹುದು. ನೀಟ್‌ಗೆ ಅಂಥ ಮಿತಿಯೂ ಇಲ್ಲ, ಗರಿಷ್ಠ ವಯಸ್ಸೂ ಇಲ್ಲ. ಬಾಗಿಲು ಹೀಗೆ ಸದಾ ತೆರೆದಿರುವುದರಿಂದಲೇ ಅನೇಕ ಮನೆಗಳಲ್ಲಿ ನಿರ್ಧಾರ ಲೆಕ್ಕದ ಮೇಲೆ ಆಗದೆ, 'ಇನ್ನೊಂದು ಸಲ ನೋಡೋಣ' ಎಂಬ ಮಾತಿನ ಮೇಲೆ ಆಗಿಬಿಡುತ್ತದೆ.

ಲೆಕ್ಕ ಹಾಕಲು ಹೊರಟವರೂ ಮೊದಲು ಎಡವುವುದು ಅಂಕದಲ್ಲಿ. 'ಈ ಸಲ ಇಷ್ಟು ಬಂತು, ಇನ್ನು ನೂರು ಬಂದರೆ ಸೀಟು' ಎಂಬ ಎಣಿಕೆಗೆ ಬುಡವಿಲ್ಲ, ಏಕೆಂದರೆ ಸೀಟು ಕೊಡುವುದು ರ‍್ಯಾಂಕ್. 2024ರಲ್ಲಿ, ಪರಿಷ್ಕೃತ ಫಲಿತಾಂಶದ ಬಳಿಕವೂ 17 ಮಂದಿಗೆ 720ಕ್ಕೆ 720 ಉಳಿದಿತ್ತು. 2025ರಲ್ಲಿ ಭೌತಶಾಸ್ತ್ರ ಕಠಿಣವಾಗಿ, ಮೊದಲ ರ‍್ಯಾಂಕಿನವರಿಗೇ ಬಂದದ್ದು 686. ಹಿಂದಿನ ವರ್ಷ 600 ಅಂಕ ಪಡೆದವರು ಎಪ್ಪತ್ತು ಎಂಬತ್ತು ಸಾವಿರದ ಆಸುಪಾಸಿನಲ್ಲಿದ್ದರೆ, ಮರುವರ್ಷ ಅಷ್ಟೇ ಅಂಕದವರು ಒಂದೆರಡು ಸಾವಿರದೊಳಗಿದ್ದರು. ಹಾಗಾಗಿ ಹೋಲಿಸಬೇಕಾದದ್ದು ತನ್ನ ರ‍್ಯಾಂಕನ್ನು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರಕಟಿಸುವ ಕಟ್‌ಆಫ್ ಪಟ್ಟಿಯೊಂದಿಗೆ. ಅದರಲ್ಲೂ ತನ್ನದೇ ಪ್ರವರ್ಗದ ಸಾಲಿನೊಂದಿಗೆ: ಜಿಎಂ, 2ಎ, 3ಬಿ ಮುಂತಾದವುಗಳ ಒಳಗೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸಾಲುಗಳು ಬೇರೆ ಇರುತ್ತವೆ. ಮೊದಲ ಸುತ್ತಿನ ಕಟ್‌ಆಫ್ ನೋಡಿ ಕೈಚೆಲ್ಲುವವರಿದ್ದಾರೆ. ಕೊನೆಯ ಸುತ್ತಿನ ಹೊತ್ತಿಗೆ ಅದು ಸಾಕಷ್ಟು ಸಡಿಲಗೊಂಡಿರುವುದು ಸಾಮಾನ್ಯ.

ತನಗೂ ಆ ಸಾಲಿಗೂ ಇರುವ ಅಂತರ ತಿಳಿದ ಮೇಲೆ, ಒಂದು ವರ್ಷದ ಓದು ಅದನ್ನು ತುಂಬಬಲ್ಲದೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಒಟ್ಟು ಅಂಕದಲ್ಲಿ ಸಿಗುವುದಿಲ್ಲ. ಕಳೆದುಹೋದ ಅಂಕ ಎಲ್ಲಿ ಕಳೆಯಿತು ಎಂಬುದರಲ್ಲಿ ಸಿಗುತ್ತದೆ. ಪರೀಕ್ಷೆಯ ನಂತರ ಎನ್‌ಟಿಎ ಅಭ್ಯರ್ಥಿಯ ಒಎಂಆರ್ ಹಾಳೆಯನ್ನೂ ಕೀ ಉತ್ತರಗಳನ್ನೂ ಒದಗಿಸುತ್ತದೆ. ಅವೆರಡನ್ನು ಎದುರಿಗಿಟ್ಟುಕೊಂಡು ಒಂದು ಭಾನುವಾರ ಕೂತರೆ ಸಾಕು.

ಉದಾಹರಣೆಗೆ 432 ಅಂಕ ಪಡೆದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. 180 ಪ್ರಶ್ನೆಗಳಲ್ಲಿ 119 ಸರಿ, 44 ತಪ್ಪು, 17 ಬಿಟ್ಟದ್ದು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಆದ್ದರಿಂದ ಪ್ರತಿ ತಪ್ಪಿನ ಬೆಲೆ ಐದು ಅಂಕ, ಬಿಟ್ಟ ಪ್ರಶ್ನೆಯದು ನಾಲ್ಕು. ಒಟ್ಟು ಕಳೆದದ್ದು 288. ಈಗ ಆ 61 ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದರೆ ಮೂರು ಗುಂಪು ಕಾಣುತ್ತವೆ.

ಮೊದಲ ಗುಂಪು, ಸರಿಯಾಗಿ ಓದಿಯೇ ಇರದ ಪಾಠಗಳದ್ದು. ಇವುಗಳಲ್ಲಿ ಬಹುಪಾಲು ಪ್ರಥಮ ಪಿಯುವಿನವು: ಆವರ್ತ ಚಲನೆ, ಉಷ್ಣಬಲ ವಿಜ್ಞಾನ, ರಾಸಾಯನಿಕ ಸಮತೋಲನ. ನೀಟ್‌ನ ಸುಮಾರು ಅರ್ಧ ಪ್ರಶ್ನೆಗಳು ಪ್ರಥಮ ಪಿಯು ಪಠ್ಯದಿಂದ ಬರುತ್ತವೆ. ದ್ವಿತೀಯ ಪಿಯು ವಾರ್ಷಿಕ ಪರೀಕ್ಷೆಯಲ್ಲಿ ಅದು ಇಲ್ಲದ್ದರಿಂದ ಮೊದಲ ವರ್ಷವನ್ನು ಹಗುರವಾಗಿ ಕಳೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಈಕೆಗೆ ಇಲ್ಲಿ 14 ತಪ್ಪು, 12 ಬಿಟ್ಟದ್ದು: ಹೋದದ್ದು 118 ಅಂಕ. ಎರಡನೆಯದು ಗೊತ್ತಿದ್ದೂ ತಪ್ಪಿದ್ದು. ಏಕಮಾನ ಬದಲಿಸಲು ಮರೆತದ್ದು, 'ಸರಿಯಲ್ಲದ ಹೇಳಿಕೆ ಯಾವುದು' ಎಂದು ಕೇಳಿದಲ್ಲಿ ಸರಿಯಾದದ್ದನ್ನು ಗುರುತಿಸಿದ್ದು, ಇಂಥವು 12. ಹೋದದ್ದು 60 ಅಂಕ. ಮೂರನೆಯದು ಓದಿ, ಪರಿಷ್ಕರಿಸಿ, ಮಾಕ್ ಟೆಸ್ಟುಗಳಲ್ಲಿ ಬರೆದು ನೋಡಿದ ಮೇಲೂ ಹಿಡಿತಕ್ಕೆ ಸಿಗದವು: 18 ತಪ್ಪು, 5 ಬಿಟ್ಟದ್ದು, 110 ಅಂಕ.

ಮೊದಲ ಗುಂಪು ಸಮಯದ ಕೊರತೆಯದು; ಹತ್ತು ತಿಂಗಳು ಸಿಕ್ಕರೆ ಅದರ ಮೂರನೇ ಎರಡು ಭಾಗ ಮರಳುವ ನಿರೀಕ್ಷೆ ಅತಿಯಲ್ಲ. ಎರಡನೆಯದರಲ್ಲಿ ಅರ್ಧ. ಮೂರನೆಯದರಿಂದ ಏನೂ ಬಾರದೆಂದು ಎಣಿಸುವುದೇ ಕ್ಷೇಮ. ಒಟ್ಟು ನೂರಹತ್ತರ ಸುಮಾರು ಸೇರಿ, ಈಕೆಯ ಅಂಕ ಇದೇ ಪ್ರಶ್ನೆಪತ್ರಿಕೆಯಲ್ಲಿ 540ರ ಹತ್ತಿರ ಬಂದೀತು. ಅದೇ ವರ್ಷ 540ಕ್ಕೆ ಯಾವ ರ‍್ಯಾಂಕ್ ಬಂದಿತ್ತು, ಆ ರ‍್ಯಾಂಕಿಗೆ ತನ್ನ ಪ್ರವರ್ಗದಲ್ಲಿ ಸೀಟು ಸಿಕ್ಕಿತ್ತೇ ಎಂದು ನೋಡಿದರೆ ಮತ್ತೆ ಬರೆಯುವುದಕ್ಕೆ ಅರ್ಥವಿದೆಯೇ ಎಂದು ತಿಳಿಯುತ್ತದೆ. ಅದೇ 432 ಅಂಕದ ಇನ್ನೊಬ್ಬನ ನಷ್ಟ ಬಹುಪಾಲು ಮೂರನೇ ಗುಂಪಿನದಾಗಿದ್ದರೆ ಅವನ ಉತ್ತರ ಬೇರೆ. ಕೋಚಿಂಗ್ ಕೇಂದ್ರದ ಕೌಂಟರಿನಲ್ಲಿ ಮಾತ್ರ ಇಬ್ಬರಿಗೂ ಒಂದೇ ಮಾತು ಕೇಳಿಸುತ್ತದೆ.

ಲೆಕ್ಕದ ಇನ್ನೊಂದು ಬದಿಯಲ್ಲಿ ಈಗ ಸಿಗುವ ಸೀಟಿದೆ. ಅದನ್ನು ಮುಂದಿನ ವರ್ಷಕ್ಕೆ ಕಾದಿರಿಸಲಾಗದು. ಶಿವಮೊಗ್ಗದಲ್ಲಿ ಬಿಎಸ್ಸಿ ಕೃಷಿ ಸಿಕ್ಕಿದ್ದರೆ, ಅದು ಈ ವರ್ಷದ ಸಿಇಟಿ ರ‍್ಯಾಂಕಿಗೆ ಸಿಕ್ಕಿದ್ದು. ಮರುವರ್ಷ ಸಿಇಟಿ ಮತ್ತೆ ಬರೆಯಬೇಕು. ರಿಪೀಟರ್‌ಗಳಲ್ಲಿ ಸಿಇಟಿಗೆ ಅರ್ಜಿ ಹಾಕುವುದನ್ನೇ ಬಿಡುವವರಿದ್ದಾರೆ, ಅದು ಸಲ್ಲದು. ಸಿಇಟಿ ಸಾಮಾನ್ಯವಾಗಿ ನೀಟ್‌ಗಿಂತ ಕೆಲವೇ ವಾರ ಮುಂಚೆ ನಡೆಯುತ್ತದೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ, ಓದಿದ್ದೂ ಬಹುಮಟ್ಟಿಗೆ ಅದೇ.

ಅವಸರ ಬೇಡದ ಜಾಗ ಇನ್ನೊಂದಿದೆ. ಕೋಚಿಂಗ್ ಬ್ಯಾಚುಗಳು ಜೂನ್, ಜುಲೈನಲ್ಲೇ ಶುರುವಾಗಿ ಶುಲ್ಕ ಕೇಳುತ್ತವೆ. ಕೌನ್ಸೆಲಿಂಗ್ ಸುತ್ತುಗಳು ಅದಾಗಿ ತಿಂಗಳುಗಟ್ಟಲೆ ಎಳೆಯುತ್ತವೆ. ಸೀಟು ಹಂಚಿಕೆಯಾದಾಗ ಕೆಇಎ ಕೇಳುವ ಆಯ್ಕೆಗಳಲ್ಲಿ, ಸಿಕ್ಕಿದ್ದನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವ ಅವಕಾಶ ಇರುತ್ತದೆ. ಪೂರ್ತಿ ಹೊರಬರುವ ಆಯ್ಕೆಯನ್ನು ಮೊದಲ ಸುತ್ತಿನಲ್ಲೇ ಒತ್ತುವ ಅಗತ್ಯ ಬಹಳ ಮಂದಿಗೆ ಇರುವುದಿಲ್ಲ. ಆದರೆ ಕೊನೆಯ ಸುತ್ತುಗಳಲ್ಲಿ ಎಚ್ಚರ ಬೇಕು. ಅಖಿಲ ಭಾರತ ಕೋಟಾದ ಸ್ಟ್ರೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಠೇವಣಿ ಹೋಗುವುದಲ್ಲದೆ ಮುಂದಿನ ನೀಟ್ ಬರೆಯುವ ಅವಕಾಶವೂ ತಪ್ಪಬಹುದು. ಮತ್ತೆ ಬರೆಯಲು ನಿಶ್ಚಯಿಸಿದವರು ಬೇಡದ ಕಾಲೇಜನ್ನು ಆ ಸುತ್ತಿನ ಪಟ್ಟಿಯಲ್ಲಿ ತುಂಬಬಾರದು.

ಕಾಲೇಜಿಗೂ ಸೇರಿ ನೀಟ್‌ಗೂ ಓದುವ ಮೂರನೇ ದಾರಿಯನ್ನು ಅನೇಕರು ಸುರಕ್ಷಿತ ಎಂದುಕೊಳ್ಳುತ್ತಾರೆ. ಮಾಮೂಲಿ ಬಿಎಸ್ಸಿಯಲ್ಲಿ ಅದು ಹೇಗೋ ನಡೆದೀತು. ಕೃಷಿ, ಪಶುವೈದ್ಯ ಕೋರ್ಸುಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ತರಗತಿ, ಪ್ರಾಯೋಗಿಕ, ಹಾಜರಾತಿಯ ಬಿಗಿ. ವರ್ಷಕ್ಕೆ ಎರಡು ಸಲ ಸೆಮಿಸ್ಟರ್ ಪರೀಕ್ಷೆಗಳಿದ್ದರೆ, ಎರಡನೆಯದು ನೀಟ್‌ನ ತಯಾರಿಗೆ ಅಡ್ಡ ಬರುವ ಸಂಭವವೇ ಹೆಚ್ಚು. ಮೇಲಿನ ವಿದ್ಯಾರ್ಥಿನಿಗೆ ಬೇಕಾದದ್ದು ಪ್ರಥಮ ಪಿಯು ಪಾಠಗಳನ್ನು ಬುಡದಿಂದ ಕಲಿಯುವ ಬಿಡುವು. ಈ ದಾರಿಯಲ್ಲಿ ಸಿಗದೆ ಹೋಗುವುದು ಅದೇ.

ವರ್ಷ ಬಿಟ್ಟು ಓದುತ್ತಿರುವವರಿಗೆ ನಡುವೆ ಪರೀಕ್ಷಿಸಿಕೊಳ್ಳುವ ಕಾಲ ಡಿಸೆಂಬರ್. ಅಷ್ಟರಲ್ಲಿ ಪೂರ್ಣ ಪಠ್ಯದ ಮಾಕ್ ಟೆಸ್ಟುಗಳು ಆರಂಭವಾಗಿರುತ್ತವೆ. ತಪ್ಪುಗಳನ್ನು ಅದೇ ಮೂರು ಗುಂಪುಗಳಾಗಿ ವಿಂಗಡಿಸಬಹುದು. ಮೊದಲ ಗುಂಪು ಕರಗುತ್ತಿದ್ದರೆ ವರ್ಷ ಕೆಲಸ ಮಾಡುತ್ತಿದೆ. ಒಟ್ಟು ಅಂಕ ಏರಿದ್ದರೂ ಆ ಗುಂಪು ಹಾಗೇ ಉಳಿದಿದ್ದರೆ, ಗೊತ್ತಿದ್ದದ್ದನ್ನೇ ಮತ್ತೆ ಓದುತ್ತಿರುವ ಲಕ್ಷಣ ಅದು. ರಿಪೀಟರ್ ಬ್ಯಾಚುಗಳಲ್ಲಿ ಹೆಚ್ಚಾಗಿ ಕಾಣುವ ದೋಷವೇ ಇದು: ಆರಾಮವಾಗಿ ಬರುವ ಜೀವಶಾಸ್ತ್ರಕ್ಕೆ ಗಂಟೆಗಟ್ಟಲೆ, ಭೌತಶಾಸ್ತ್ರಕ್ಕೆ ನಾಳೆ.

ಎರಡನೇ ಸಲವೂ ಸೀಟು ಸಿಗದೆ ಮೂರನೇ ಸಲದ ಯೋಚನೆ ಬಂದಾಗ ಇದೇ ಲೆಕ್ಕ ಬಹುತೇಕ ಉಲ್ಟಾ ಆಗುತ್ತದೆ. ಓದದೇ ಬಿಟ್ಟಿದ್ದ ಪಾಠಗಳು ಈಗ ಮುಗಿದಿರುತ್ತವೆ. ಇನ್ನು ಗಳಿಸಬೇಕಾದದ್ದು ಹೆಚ್ಚಾಗಿ ಮೂರನೇ ಗುಂಪಿನಿಂದ, ಅಂದರೆ ಎರಡು ವರ್ಷದ ಓದಿಗೂ ಬಗ್ಗದ ಪ್ರಶ್ನೆಗಳಿಂದ. ನಡುವೆ ದೀರ್ಘ ಕಾಯಿಲೆಯೋ ಮನೆಯ ತೊಂದರೆಯೋ ಓದನ್ನೇ ನಿಲ್ಲಿಸಿದ್ದ ಸಂದರ್ಭ ಬಿಟ್ಟರೆ, ಮೂರನೇ ವರ್ಷ ಕಟ್‌ಆಫ್ ದಾಟಿಸುತ್ತದೆ ಎಂದು ನಂಬಲು ಕಾರಣ ಸಿಗುವುದು ಕಷ್ಟ.